ಪಾಟಿಯ ಮೇಲೆ ತರಗತಿಯ ನಕ್ಷೆ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರ್ನಾಲ್ಕು ವರ್ಷ ಕಳೆದಿದ್ದರೂ, ನಿಮ್ಮ ಮನೆಗೆ ಬಾಗಿಲು ಎಷ್ಟು ಎಂದು ಯಾರಾದರೂ ಕೇಳಿದರೆ ಭಾಲ್ಕಿಯಲ್ಲಿ ಲೂಟಿಯ ಅಂಜಿಕೆ ಬಿಡದ ನಾವು ಮೊದಲು ಕೇಳಿದವನ ಮುಖ ನೋಡುತ್ತಿದ್ದೆವು. ಅಂಥ ದಿನಗಳಲ್ಲಿ ಒಂದು ಸಂಜೆ, ಒಂದನೇ ತರಗತಿಯಲ್ಲಿದ್ದ ನನ್ನ ಮಗಳು ಬಳಪದ ಗೆರೆ ಅಳಿಯದಂತೆ ಪಾಟಿಯನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಮನೆಗೆ ಬಂದಳು.

"ಏನವ್ವಾ ಇದು?"

"ನಮ್ ಸಾಲಿ ಖೋಲಿ, ಅಪ್ಪ. ಹಕ್ಕಿ ಮ್ಯಾಲಿಂದ ನೋಡಿದ್ರ ಹಿಂಗ ಕಾಣ್ತದಂತ."

ಅವಳು ನನ್ನ ಎದುರಿಗೆ ಕೂತು ಪಾಟಿಯನ್ನು ನಡುವೆ ಇಟ್ಟಳು. ಒಂದು ಉದ್ದನೆಯ ಚೌಕಟ್ಟು. ಎರಡೂ ಕೊನೆಗೆ ಒಂದೊಂದು ಬಾಗಿಲು, ಒಂದೊಂದು ಚೌಕ. ನಡುವೆ ಸಾಲು ಸಾಲು ಚುಕ್ಕೆ. ಒಂದು ಚುಕ್ಕೆ ಮಾತ್ರ ಸಾಲು ಬಿಟ್ಟು, ನನ್ನ ಮೊಣಕಾಲ ಕಡೆಯ ಚೌಕದ ಪಕ್ಕದಲ್ಲಿ ಒಂಟಿಯಾಗಿತ್ತು.

"ಇದ್ಯಾರು?"

"ನಾ."

"ಒಬ್ಬಾಕಿನೇ ಯಾಕ?"

"ಅಕ್ಕೋರು ಅಲ್ಲೇ ಕೂಡ್ಸ್ಯಾರ."

ನನಗೆ ಅಷ್ಟು ಸಾಕಾಯಿತು. ಪಾಟಿಯ ಆಚೆ ತುದಿಯ ಚೌಕ ಅಕ್ಕೋರ ಟೇಬಲ್ಲು ಎಂದುಕೊಂಡೆ. ಅದನ್ನು ಮಾಡಿಕೊಟ್ಟವನೇ ನಾನು, ಸಾಗವಾನಿಯದು. ಈಚೆಯದು ಪಾಟಿ ಪುಸ್ತಕ ತುಂಬುವ ಪೆಟ್ಟಿಗೆ, ಚಪ್ಪಲಿ ಬಿಡುವ ಹಿಂದಿನ ಬಾಗಿಲ ಹತ್ತಿರ ಇರುವುದು. ನಿಜಾಮನ ಕಾಲದಲ್ಲಿ ಉರ್ದು ಬಾರದ ನನ್ನನ್ನು ಮಾಸ್ತರು ಚಪ್ಪಲಿಗಳ ಪಕ್ಕವೇ ಕೂರಿಸಿದ್ದರು. ಎರಡನೇ ತರಗತಿ ಮುಗಿಸದೆ ಬಿಟ್ಟು ಬಂದು ಉಳಿ ಹಿಡಿದವನು, ಈ ಟೇಬಲ್ಲು ಕೊಡಲು ಹೋದದ್ದು ಬಿಟ್ಟರೆ ಮತ್ತೆ ಶಾಲೆಯ ಕಡೆ ತಿರುಗಿ ನೋಡಿರಲಿಲ್ಲ. ಮಗಳಿಗೆ ಪಾಠ ಹೇಳುವ ಅಕ್ಕೋರು ಬೀದರದ ಮಿಷನ್ನಿನವರು, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರ ಮೇಲೆ ನನಗೆ ಮೊದಲಿಂದಲೂ ಗುಮಾನಿ ಹೆಚ್ಚು.

ಮೂರು ದಿನ ಮಗಳನ್ನು ಶಾಲೆಗೆ ಕಳಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಅವಳು ಅತ್ತಳು. "ಒಮ್ಮಿ ಹೋಗಿ ಕೇಳರಿ" ಎಂದಳು ಹೆಂಡತಿ. ನಾಲ್ಕನೆಯ ದಿನ ಮಗಳ ಹೆಸರು ಶಾಲೆಯಿಂದ ತೆಗೆಸಿ ಬರುತ್ತೇನೆಂದು ಪಾಟಿ ಹಿಡಿದು ಹೊರಟೆ. ಮಗಳು ಗೆರೆಗಳನ್ನು ಇನ್ನೂ ಅಳಿಸಿರಲಿಲ್ಲ.

ಅಕ್ಕೋರು ಪಾಠದಲ್ಲಿದ್ದರು. ನೆಲದ ಮೇಲೆ ಕಡ್ಡಿಪೆಟ್ಟಿಗೆ, ಲೋಟ, ಡಸ್ಟರ್ ಇಟ್ಟಿದ್ದರು. ಮಕ್ಕಳು ಸುತ್ತ ನಿಂತು ಬಗ್ಗಿ, ನೇರ ಮೇಲಿನಿಂದ ನೋಡಿ, ಬುಡದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಲೋಟ ಎತ್ತಿದರೆ ನೆಲದಲ್ಲಿ ಬರೀ ಒಂದು ದುಂಡು.

"ಅಕ್ಕೋರ, ನನ್ನ ಮಗಳನ್ನ ಚಪ್ಪಲಿ ಹತ್ರ ಯಾಕ ಕೂಡ್ಸೀರಿ?" ಎಂದು ಹೊಸ್ತಿಲಿನಿಂದಲೇ ಕೇಳಿದೆ.

"ಯಾರಂದ್ರು, ಬಡಿಗ್ಯಾರ?"

"ಅಕೀ ಪಾಟಿನೇ ಹೇಳ್ತದ."

ಅವರು ಪಾಟಿ ನೋಡಿದರು. ನನ್ನನ್ನೂ ನೋಡಿದರು. "ಬರ್ರಿ, ಈ ಬೆಂಚಿನ ಮ್ಯಾಲ ನಿಂದರ್ರಿ."

"ನಾ ಸಣ್ಣ ಹುಡುಗ ಏನ್ರಿ?"

"ನಕ್ಷಾ ಓದಲಿಕ್ಕೆ ಬಂದೀರಲ್ಲ!"

ಮಕ್ಕಳು ನಕ್ಕರು. ತಿರುಗಿ ಹೋದರೆ ಸೋತಂತೆ, ಹತ್ತಿದೆ. ಕೆಳಗೆ ನೋಡಿದರೆ ನನ್ನ ಟೇಬಲ್ಲಿಗೆ ಕಾಲೇ ಇಲ್ಲ! ಕಡೆದು ಕಡೆದು ನುಣುಪು ಮಾಡಿದ ನಾಲ್ಕು ಕಾಲೂ ಹಲಗೆಯ ಅಡಿ ಮುಚ್ಚಿಹೋಗಿದ್ದವು. ಅದು ಬರೀ ಚೌಕ. ಹಿಂದಿನ ಪೆಟ್ಟಿಗೆಯೂ ಅದೇ ಅಳತೆಯ ಚೌಕ.

"ಕರಿಹಲಗಿ ಇರೋ ಗ್ವಾಡಿ ಪಾಟಿ ಮ್ಯಾಲ್ಗಡೆ ಬರಬೇಕಂತ ಹೇಳೀನಿ. ನೀವು ಯಾವ ಕಡಿಂದ ನೋಡೀರಿ?"

ಅಂದು ಸಂಜೆ ನಾನು ಕೂತಿದ್ದು ಅವಳ ಎದುರಿಗೆ. ಅವಳ ಮೇಲ್ಗಡೆ ನನ್ನ ಕಾಲ ಕಡೆ ಇತ್ತು. ಪಾಟಿ ತಿರುಗಿಸಿದೆ. ಒಂಟಿ ಚುಕ್ಕೆ ಅಕ್ಕೋರ ಟೇಬಲ್ಲಿನ ಪಕ್ಕಕ್ಕೇ ಬಂತು.

ಆದರೂ ನಂಬಲಿಲ್ಲ. ಬೆಂಚಿನಿಂದ ಇಳಿದು, ಕಿಸೆಯಿಂದ ಮಡಚುಗಜ ತೆಗೆದು ಟೇಬಲ್ಲಿನಿಂದ ಅಲ್ಲಿದ್ದ ಒಂಟಿ ಗೋಣಿತಟ್ಟಿನವರೆಗೆ ಅಳೆದೆ. ಎರಡು ಅಡಿಯೂ ಇರಲಿಲ್ಲ.

"ಹಂಗಾರ ಒಬ್ಬಾಕಿನ್ನೇ ಯಾಕ?"

"ಪಕ್ಕದಾಗ ಯಾರೇ ಕೂಡ್ಲಿ, ಮಾತು ನಿಲ್ಲಂಗಿಲ್ಲ. ಅದಕ್ಕ ಕಣ್ ಮುಂದ ಇಟ್ಕೊಂಡೀನಿ. ಯಾರ ಗುಣ ಅದು, ನನಗೇನ್ ಗೊತ್ರಿ." ಮತ್ತೆ ಹೇಳಿದರು: "ಟೇಬಲ್ಲಿಗಿ ಒಂದು ಗುರುತು, ಪೆಟಗಿಗಿ ಒಂದು ಗುರುತು, ಪಾಟಿ ಮೂಲಿಯೊಳಗ ಅವುಗಳ ಅರ್ಥ ಬರೀಬೇಕು. ಅದು ಮರುದಿನದ ಪಾಠ ಇತ್ತು. ನೀವು ಅಕೀನ ಕಳಿಸಲಿಲ್ಲ."

ಉಳಿದ ಮಕ್ಕಳ ಪಾಟಿಗಳಲ್ಲಿ ಟೇಬಲ್ಲಿನ ಚೌಕದೊಳಗೆ ಅಡ್ಡಗೆರೆ ಇತ್ತು, ಪೆಟ್ಟಿಗೆಯೊಳಗೆ ಚುಕ್ಕೆ. ನನ್ನ ಮಗಳದ್ದರಲ್ಲಿ ಎರಡೂ ಖಾಲಿ. ಹೆಸರು ತೆಗೆಸುವ ಮಾತು ನನ್ನ ಬಾಯಿಂದ ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಬರಲಿಲ್ಲ.

ಮನೆಗೆ ಬಂದು, "ಏಳವ್ವಾ, ಸಾಲಿಗಿ ನಡಿ. ಪಾಠ ನಡದದ" ಎಂದೆ. ಮಗಳು ಪಾಟಿ ಕಸಿದುಕೊಂಡು ಓಡಿದಳು.

"ಏನಂದ್ರರಿ ಅಕ್ಕೋರು?" ಹೆಂಡತಿ ಕೇಳಿದಳು.

"ಅವರೇನಂತಾರ? ನಕ್ಷಾದಾಗ ಗುರುತು ಇರಬೇಕ್ರಿ ಅಂತ ನಾನೇ ಹೇಳಿ ಬಂದೀನಿ."

ಅವಳು ನನ್ನನ್ನೇ ನೋಡುತ್ತಿದ್ದಳು. ನಂಬಿದಂತೆ ಕಾಣಲಿಲ್ಲ.