ಅಣ್ಣನ ಜಾಮೀನು

ಪಕ್ಕದ ಮನೆಯ ದರ್ಜಿ ಹೆಂಗಸು ಇಪ್ಪತ್ತೆರಡು ವರ್ಷ ಕಾಲಲ್ಲಿ ತುಳಿಯುವ ಮಿಷನ್ನಿನಲ್ಲೇ ಹೊಲಿದವಳು. ಕೊನೆಗೆ ಮಂಡಿ ಸೋತಿತು. ಕರೆಂಟಿನ ಮಿಷನ್ ಕೊಳ್ಳಲು ಸಾಲ ಬೇಕಾಯಿತು. ಜಾಮೀನಿಲ್ಲದೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ ಎಂದು ಅವಳೂ ನಂಬಿದ್ದಳು, ಮುದುಕಿ ನಾನೂ ನಂಬಿದ್ದೆ. ಜಾಮೀನು ನಿಲ್ಲಲು ತನ್ನ ಅಣ್ಣನನ್ನು ಕೇಳಿದಳು.

“ನಿಲ್ತೀನಿ ಕಣಮ್ಮ. ಅಪ್ಪನ ಮನೇಲಿ ನಿನ್ನ ಪಾಲು ನಂಗೆ ಬಿಟ್ಟುಕೊಡು, ಅಷ್ಟೇ,” ಎಂದ.

ಮರುವಾರವೇ ಅವಳು ನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಳು.

ಸೋಮವಾರ ಬ್ಯಾಂಕಿಗೆ ಅವಳ ಜೊತೆ ನಾನೂ ಹೋದೆ. ಅಲ್ಲಿನ ಮ್ಯಾನೇಜರ್ ಮೇಡಂ ಗುರುತಿನ ಚೀಟಿ ನೋಡಿದರು, ಅಂಗಡಿಯವನು ಬರೆದುಕೊಟ್ಟ ಮಿಷನ್ ಬೆಲೆಪಟ್ಟಿ ನೋಡಿದರು.

“ಜಾಮೀನಿಗೆ ನಮ್ಮಣ್ಣ ಬರ್ತಾರೆ ಮೇಡಂ.”

“ಯಾಕಮ್ಮ? ಇದು ಸರ್ಕಾರದ ಯೋಜನೆ ಸಾಲ. ಜಾಮೀನೂ ಬೇಡ, ಮನೆ ಪತ್ರ, ಒಡವೆ ಅಡವಿಡೋದೂ ಬೇಡ. ನೀವು ಕೊಳ್ಳೋ ಮಿಷನ್ನೇ ನಮಗೆ ಆಧಾರ. ಕಂತು ಮಾತ್ರ ತಪ್ಪಿಸ್ಬೇಡಿ.”

“ಯಾರೂ ಬೇಡ್ವಾ?”

“ಯಾರೂ ಬೇಡ.”

ಅವಳು ಸೆರಗಿಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದು ಬೆರಳಿಗೆ ಸುತ್ತಿಕೊಂಡಳು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಬ್ಯಾಂಕಿನವರು ಹಣವನ್ನು ನೇರವಾಗಿ ಅಂಗಡಿಗೇ ಕಟ್ಟಿದರು. ಹದಿನೈದು ದಿನಕ್ಕೆ ಮಿಷನ್ ಮನೆಗೆ ಬಂತು; ನೋಡಲು ನಾನೂ ಹೋಗಿ ಕೂತೆ. ಅಂದೇ ಅಣ್ಣ ಫೋನ್ ಮಾಡಿದ.

“ಸಹಿ ಹಾಕೋಕೆ ಯಾವತ್ತು ಬರ್ಲಿ?”

“ಬೇಡ ಬಿಡಣ್ಣ. ಅವ್ರು ಕೇಳ್ಲಿಲ್ಲ.”

ಫೋನಿಟ್ಟು ಸೂಜಿಗೆ ದಾರ ಪೋಣಿಸಿದಳು.

“ಅಲ್ವೇ, ಪಾಲು ವಾಪಸ್ ಕೊಡು ಅನ್ನಬಾರ್ದಿತ್ತಾ?” ಎಂದೆ.

ಅವಳು ಒಂದು ತೋಳಿನ ಹೊಲಿಗೆ ಪೂರ್ತಿ ಮುಗಿಸಿದಳು.

“ಮಂಡಿ ನೋಯ್ತಿಲ್ಲ ಅಜ್ಜಿ,” ಎಂದಳು.