ಅಂಗಡಿಯ ಸ್ವಾಗತದ ಸಾಲು

ಆ ದಿನ ಬೆಳಿಗ್ಗೆ ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿ, ಇವರ ಫ್ಲಾಸ್ಕಿಗೆ ಕಾಫಿ ಹಾಕಿ, ಇಬ್ಬರನ್ನೂ ಕಳಿಸಿ ಒಲೆ ಒರೆಸಿದೆ. ಕಿಟಕಿಯಾಚೆ ಗಾಳಿಯೇ ಇರಲಿಲ್ಲ. ನಾವಿರುವ ಈ ಪರದೇಶದ ಊರು ಕೇಟಿಯ ಆಕಾಶ ತಿಕ್ಕದೆ ಬಿಟ್ಟ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಮಳೆ ಬರುವ ಮೊದಲೇ ಹೋಗಿಬಿಡೋಣವೆಂದು ಗೆಳತಿಯ ಅಂಗಡಿಗೆ ಹೊರಟೆ.

ಹುಬ್ಬಳ್ಳಿ ಕಡೆಯವರು ಅವರು. ನನಗಿಂತ ದೊಡ್ಡವರು, ಅಕ್ಕ ಅಂತಲೇ ಕರೆಯುತ್ತೇನೆ. ಚಕ್ಕುಲಿ, ಶೇವು, ಉಂಡೆ ಮಾಡಿ ಮಾರುವ ಪುಟ್ಟ ಅಂಗಡಿ. ಹಿಂದೆ ಅಡುಗೆಮನೆ, ಮುಂದೆ ಒಂದು ಕೌಂಟರು. ಆರ್ಡರಿಗೆಂದು ಹೊಸ ನಂಬರು ತೆಗೆದುಕೊಂಡಿದ್ದರು. ಆ ನಂಬರಿಗೆ ಮೊದಲ ಸಲ ಮೆಸೇಜು ಬರೆದವರಿಗೆ ತಾನಾಗಿ ಹೋಗುವ ಸ್ವಾಗತದ ಮಾತು ಬರೆದುಕೊಡಬೇಕಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷು ಚೆನ್ನಾಗಿರುತ್ತೆ ಅನ್ನೋದು ಅವರ ನಂಬಿಕೆ.

ನಾನು ಬರೆದದ್ದು ಸಪ್ಪೆಯಾಗಿಯೇ ಇತ್ತು. ನಮಸ್ಕಾರ, ಇದು ತಾನಾಗಿ ಹೋಗುವ ಉತ್ತರ, ನಿಮ್ಮ ಮೆಸೇಜನ್ನು ಓದಿ ನಾವೇ ಬರೆಯುತ್ತೇವೆ, ಅಲ್ಲಿಯವರೆಗೆ ಆರ್ಡರು ಖಚಿತವಲ್ಲ. ಅಕ್ಕ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಓದಿ ಮುಖ ಸಣ್ಣದು ಮಾಡಿದರು. ಮನೆಗೆ ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಂಗಾತು, ಮಷೀನು ಅಂತ ಗೊತ್ತಾದ್ರ ಯಾರು ಬರ್ತಾರ, ಬಂದವರಿಗೆ ಮೊದಲು ನೀರು ಕೊಟ್ಟಂಗಿರಬೇಕ್ರಿ ಅಂದರು. ಕೊನೆಗೆ ಉಳಿದದ್ದು ಇಷ್ಟೇ: ನಮಸ್ಕಾರ, ನಿಮ್ಮ ಮಾತು ನಮಗೆ ತಲುಪಿತು, ಚಿಂತೆ ಬಿಡಿ, ನೀವು ಹೇಳಿದ ಹಾಗೇ ಆಗುತ್ತೆ. ಓದಲು ಬಹಳ ಹಿತವಾಗಿತ್ತು. ಅದನ್ನೇ ಅಂಗಡಿಯ ಫೋನಿಗೆ ಹಾಕಿದೆ.

ನನ್ನ ಫೋನಿಂದ ಬರೆದು ನೋಡಿದರೆ ಉತ್ತರವೇ ಇಲ್ಲ. ಹಿಂದಿನ ವಾರವಷ್ಟೇ ಆ ನಂಬರಿಗೆ ಉಂಡೆ ಕೇಳಿ ಬರೆದಿದ್ದೆ. ಆ ಮಾತು ಹೋಗುವುದು ಹೊಸಬರಿಗೆ, ಇಲ್ಲವೆ ಎರಡು ವಾರ ಮಾತೇ ಆಡದವರಿಗೆ ಮಾತ್ರ. ಅಕ್ಕನ ಸ್ವಂತ ಫೋನಿಂದ ಬರೆದಾಗ ಕ್ಷಣದಲ್ಲಿ ಬಂತು.

“ನೋಡ್ರಿ, ನನಗಿಂತ ಮರ್ಯಾದಸ್ಥ ಐತಿ,” ಎಂದು ನಕ್ಕು ಒಳಗೆ ಹೋದರು.

ಮಧ್ಯಾಹ್ನದವರೆಗೂ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದೆ. ಕೌಂಟರಿನ ಕೆಳಗೆ ಅಂಗಡಿಯ ಫೋನು ಆಗಾಗ ಗುಂಯ್ ಅನ್ನುತ್ತಿತ್ತು. ಉತ್ತರ ಹೇಗೂ ಹೋಗುತ್ತಿದೆಯಲ್ಲ ಎಂದು ಇಬ್ಬರೂ ನೋಡಲಿಲ್ಲ. ಒಬ್ಬರು ಬಂದು, ಹೆಂಡತಿ ಚಕ್ಕುಲಿಗೆ ಹೇಳಿದ್ದಾಳೆ ಅಂದರು. ಅಕ್ಕ ಕಪಾಟಿನಿಂದ ಡಬ್ಬಿಗಳನ್ನು ತೆಗೆದುಕೊಟ್ಟರು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಮಗು ಗಾಜಿಗೆ ಮೂಗು ಒತ್ತಿ ಕೂತಿತ್ತು.

ಕಾರು ತಿರುಗಿದ ಮೇಲೆ ಫೋನು ತೆಗೆದು ನೋಡಿದೆ. ಆ ಹೆಂಡತಿ ಬರೆದಿದ್ದರು: ಚಕ್ಕುಲಿ ಬೇಕು, ಗಂಡ ಬಂದು ಒಯ್ಯುತ್ತಾರೆ, ಮಗನಿಗೆ ಶೇಂಗಾ ಅಲರ್ಜಿ ಇದೆ, ಹೋದ ವರ್ಷ ಉಸಿರೇ ಕಟ್ಟಿತ್ತು, ಶೇಂಗಾ ಸೋಕದ ಹಾಗೆ ಮಾಡಿಕೊಡಿ. ಕೆಳಗೆ ನಮ್ಮ ಮಾತು. ನೀವು ಹೇಳಿದ ಹಾಗೇ ಆಗುತ್ತೆ. ಅದಕ್ಕವರು ಕೈಮುಗಿದ ಚಿತ್ರ ಹಾಕಿದ್ದರು.

ಅಕ್ಕ ಚಕ್ಕುಲಿ ಕರಿಯುವುದೇ ಗಾಣದ ಶೇಂಗಾ ಎಣ್ಣೆಯಲ್ಲಿ. ಅವರ ತವರಿನಲ್ಲೂ ಹಾಗೇ.

ಮೊದಲ ಸಲ ಆಕೆ ಫೋನು ಎತ್ತಲಿಲ್ಲ. ಎರಡನೇ ಸಲ ಎತ್ತಿದರು, ನಾನು ತಡವರಿಸುತ್ತಾ ಎಣ್ಣೆಯ ವಿಷಯ ಹೇಳಿದೆ.

“ಆಗುತ್ತೆ ಅಂತ ನೀವೇ ಬರೆದಿದ್ದೀರಲ್ಲ?”

“ಅದು ನಾವಲ್ಲ, ತಾನಾಗಿ ಹೋಗಿದ್ದು.”

ಆಕೆ ಗಂಡನಿಗೆ ಮಾಡಲು ಫೋನು ಇಟ್ಟುಬಿಟ್ಟರು. ಹೊರಗೆ ಕತ್ತಲು ಕವಿದು ಪಾರ್ಕಿಂಗಿನ ದೀಪಗಳು ಹಗಲಲ್ಲೇ ಹೊತ್ತಿಕೊಂಡವು. ಅಕ್ಕ ಒಲೆ ಆರಿಸಿ ಸ್ಟೂಲಿನ ಮೇಲೆ ಕೂತರು. ಬಾಣಲೆಯ ಎಣ್ಣೆ ಇನ್ನೂ ಮೆಲ್ಲಗೆ ಚಿಟಚಿಟ ಅನ್ನುತ್ತಿತ್ತು. ಆಮೇಲೆ ಆಕೆಯ ಮೆಸೇಜು ಬಂತು: ಡಬ್ಬಿ ತೆರೆದಿಲ್ಲ. ಅಷ್ಟೇ.

ಅಕ್ಕ ಫೋನನ್ನು ನನ್ನ ಕಡೆ ತಳ್ಳಿದರು. ಮೊದಲು ಬರೆದಿದ್ದ ಸಪ್ಪೆ ಮಾತನ್ನೇ ಹಾಕಿ, ಎಲ್ಲವನ್ನೂ ಶೇಂಗಾ ಎಣ್ಣೆಯಲ್ಲಿ ಕರಿಯುತ್ತೇವೆ ಎಂದು ಸೇರಿಸಿದೆ. ಆದರೆ ಬೆಳಿಗ್ಗೆಯಿಂದ ಹಳೆಯ ಮಾತು ಪಡೆದವರಿಗೆ ಹೊಸದು ತಾನಾಗಿ ಹೋಗುವುದಿಲ್ಲ, ಅವರೀಗ ಹೊಸಬರಲ್ಲ. ಒಬ್ಬೊಬ್ಬರಿಗೂ ಕೈಯಾರೆ ಬರೆದೆವು. ಎಲ್ಲರಿಗೂ ತಲುಪಿತು ಅಂದುಕೊಂಡು ಮಳೆಯಲ್ಲೇ ಮನೆಗೆ ಬಂದೆ.

ಸಂಜೆ ಮಳೆ ನಿಂತ ಮೇಲೆ ಕಸದ ಡಬ್ಬ ಹೊರಗಿಡಲು ಹೋದೆ. ಪಕ್ಕದ ಮನೆಯ ಬೆಂಗಳೂರಿನ ಹುಡುಗಿ ಡ್ರೈವ್‌ವೇಯಲ್ಲಿ ಬಿದ್ದ ಎಲೆಗಳನ್ನು ಗುಡಿಸುತ್ತಿದ್ದಳು. ಅಂಗಡಿಗೆ ಹೋಗಿದ್ರಾ ಆಂಟಿ ಅಂದಳು. ಹೂಂ ಅಂದೆ.

“ಬೆಳಿಗ್ಗೆ ಯಾರೋ ಅವರ ರಿಪ್ಲೈನ ಸ್ಕ್ರೀನ್‌ಶಾಟ್ ತೆಗೆದು ನನ್ನ ಮಗನ ಸ್ಕೂಲ್ ಅಮ್ಮಂದಿರ ಗ್ರೂಪಲ್ಲಿ ಹಾಕಿದ್ರು ಆಂಟಿ,” ಅಂದಳು, ಪೊರಕೆ ನಿಲ್ಲಿಸದೆ. “ಅಲರ್ಜಿ ಇರೋ ಮಕ್ಕಳಿಗೂ ಹೇಳಿದ ಹಾಗೇ ಮಾಡಿಕೊಡ್ತಾರಂತೆ. ನಾನೂ ಪಕ್ಕದೂರು ಸೈಪ್ರೆಸ್ ಕಡೆ ಗ್ರೂಪಿಗೆಲ್ಲ ಕಳಿಸಿಬಿಟ್ಟೆ.”