ಸ್ಟುಡಿಯೋದಲ್ಲಿ ಗುಲಾಬಿಯಾದ ಹೂ

ಪರ್ಕಳದ ವಿನೋದಕ್ಕನಿಗೆ ಸೋದರಮಾವ ಶೇಖರರ ತೋಟ ಬಂದದ್ದು ೧೯೭೮ರಲ್ಲಿ. ಅಂಗಳದ ಅಂಚಿನಲ್ಲಿ ಮಾವ ಬೊಂಬಾಯಿಯಿಂದ ತಂದು ನೆಟ್ಟ ಪೊದೆಯೊಂದಿತ್ತು. ಒಂದೇ ಗೆಲ್ಲಿನಲ್ಲಿ ನೇರಳೆ, ತಿಳಿ ನೇರಳೆ, ಬಿಳಿ ಹೂಗಳು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಗಂಡ ಉಮಾನಾಥರಿಗೆ, ಮುಂದೆ ಕೊಳ್ಳಲಿದ್ದ ದನಗಳಿಗಾಗಿ, ಅಲ್ಲೇ ಹಟ್ಟಿ ಕಟ್ಟಬೇಕಿತ್ತು.

"ಹೆಸರಿಲ್ಲದ ಗಿಡ ಕಡಿದರೆ ಎಂತ ನಷ್ಟ ಉಂಟು?" ಎಂದರು.

"ಹೆಸರು ಉಂಟು, ನಮಗೆ ಗೊತ್ತಿಲ್ಲ. ದನ ಬರುವವರೆಗೆ ಕಾಯಿರಿ" ಎಂದರು ವಿನೋದಕ್ಕ.

ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಮಾತಾಡಿದ್ದ ತೋಟಗಾರಿಕೆ ಕಾಲೇಜಿನ ಉಪನ್ಯಾಸಕ ರಘುಪತಿಯವರಿಗೆ ಅವರು ಪತ್ರ ಬರೆದರು. ಗಿಡದ ಎತ್ತರ, ಎಲೆಯ ಉದ್ದ, ಹೂವಿನ ಮೂರು ಬಣ್ಣ, ಎಲ್ಲವನ್ನೂ ಬರೆದರು. ಫೋಟೋ ತೆಗೆಯಲು ಉಡುಪಿಯಿಂದ ಇಮ್ಯಾನುಯೆಲ್ ಬಂದ. ಅವನ ಸ್ಟುಡಿಯೋ ಅಂಚೆ ಕಚೇರಿಯ ಪಕ್ಕದಲ್ಲೇ ಇದ್ದುದರಿಂದ, ಫೋಟೋ ತೊಳೆದು ಪತ್ರದ ಜೊತೆ ಸೇರಿಸಿ ಕಳಿಸುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು.

ಉತ್ತರ ಬಂದ ದಿನ ವಿನೋದಕ್ಕ ಲಕೋಟೆಯನ್ನು ಅಂಗಳದಲ್ಲೇ ಒಡೆದರು. "ಪತ್ರದಲ್ಲಿ ಮೂರು ಬಣ್ಣ, ಫೋಟೋದಲ್ಲಿ ಹೂವೆಲ್ಲ ಗುಲಾಬಿ. ಯಾವುದನ್ನು ನಂಬಲಿ?" ಎಂದು ಉಪನ್ಯಾಸಕರು ಕೇಳಿದ್ದರು. ಎಲೆ, ಮೊಗ್ಗು, ಹೂ ಇರುವ ಗೆಲ್ಲೊಂದನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಹಾಳೆ ಬದಲಿಸುತ್ತ ಒಣಗಿಸಿ ಕಳಿಸಬೇಕು. ಒಂದು ಮೊಗ್ಗಿಗೆ ನೂಲು ಕಟ್ಟಿ ದಿನವೂ ಅದರ ಬಣ್ಣ ನೋಡಬೇಕು ಎಂದೂ ಬರೆದಿದ್ದರು.

ವಿನೋದಕ್ಕ ನೆಟ್ಟಗೆ ಸ್ಟುಡಿಯೋಕ್ಕೆ ಹೋದರು. ಇಮ್ಯಾನುಯೆಲ್ ಕುಂಚ ಹಿಡಿದು ಯಾರದೋ ಮದುಮಗಳ ಕಪ್ಪು-ಬಿಳುಪು ಫೋಟೋದಲ್ಲಿ ಕೆನ್ನೆಗೆ ಗುಲಾಬಿ ಬಣ್ಣ ಹಚ್ಚುತ್ತಿದ್ದ.

"ನನ್ನ ಹೂವಿಗೆ ಎಂತ ಮಾಡಿದೆ ಮಾರಾಯ?"

"ಕೆಲವು ಬಿಳಿಚಿಕೊಂಡಿದ್ದವು ಅಕ್ಕ. ದೊಡ್ಡವರಿಗೆ ಹೋಗುವ ಫೋಟೋ ಅಲ್ವಾ, ಚಂದ ಕಾಣಲಿ ಅಂತ ಬಣ್ಣ ಹಚ್ಚಿದೆ. ಅದಕ್ಕೆ ದುಡ್ಡೂ ಹಿಡಿಯಲಿಲ್ಲ."

"ಗಿಡಕ್ಕೆ ಮದುವೆ ಗೊತ್ತಾಗಿದೆ ಅಂತ ನಿನಗೆ ಯಾರು ಹೇಳಿದ್ದು?"

ನೂಲು ಕಟ್ಟಿದ ಮೊಗ್ಗು ನೇರಳೆಯಾಗಿ ಅರಳಿತು. ಮರುದಿನ ತಿಳಿಯಾಯಿತು. ಅದರ ಮಾರನೇ ಬೆಳಿಗ್ಗೆ ವಿನೋದಕ್ಕ ಮುಖವನ್ನೂ ತೊಳೆಯದೆ ಓಡಿದರು.

"ಇಲ್ಲಿ ಬನ್ನಿ, ಅದೇ ಹೂ ಬಿಳಿಯಾಗಿದೆ" ಎಂದು ಗಂಡನನ್ನು ಕರೆದರು. ಉಮಾನಾಥರು ನೂಲನ್ನು ಎರಡು ಸಲ ಮುಟ್ಟಿ ನೋಡಿದರು.

ಒಣಗಿದ ಗೆಲ್ಲಿನೊಂದಿಗೆ ಇದನ್ನೂ ಬರೆದು ಕಳಿಸಿದ ಮೇಲೆ ಎರಡನೆಯ ಉತ್ತರ ಬಂತು. ಗಿಡದ ಹೆಸರು ಬ್ರನ್‌ಫೆಲ್ಸಿಯಾ, ಮೂಲ ದಕ್ಷಿಣ ಅಮೆರಿಕ, ಬದನೆಯ ಕುಟುಂಬ. ಹೂ ಹಳತಾದಂತೆ ಬಣ್ಣ ಬಿಡುತ್ತದೆ. ಕೊನೆಯ ಸಾಲು ಹೀಗಿತ್ತು: ವಿಷದ ಗಿಡ, ದನ ತಿನ್ನದಂತೆ ದೂರವಿಡಿ. ಗಿಡ ಕಡಿಯಲು ಗಂಡನಿಗೆ ಇಷ್ಟೇ ಸಾಕಿತ್ತು; ಆದರೂ ವಿನೋದಕ್ಕ ಅದನ್ನು ಮುಚ್ಚಿಡದೆ ಗಟ್ಟಿಯಾಗಿ ಓದಿ ಹೇಳಿದರು.

ಉಮಾನಾಥರು ಪೊದೆಯಿಂದ ಬಾವಿಯವರೆಗೆ ಹೆಜ್ಜೆ ಹಾಕಿ ಅಳೆದರು.

"ಹಾಗಾದರೆ ಹಟ್ಟಿ ಬಾವಿಯ ಆಚೆ ಆಗಲಿ" ಎಂದರು. "ಇದಕ್ಕೆ ಸುತ್ತ ಬೇಲಿ ಹಾಕುವ. ಬೇಲಿಗೆ ಮಾತ್ರ ಇಮ್ಯಾನುಯೆಲನನ್ನು ಕರೆಯಬೇಡ."